ವಿಷಯ: ಯೀಸ್ಟ್ ಪ್ರಯೋಗ – ಲ್ಯಾಕ್ಟೋಸ್ ಟ್ಯೂಬಿನಲ್ಲೂ ಗ್ಯಾಸ್ ಬಂದಿದೆ

ನಮಸ್ಕಾರ ಮೇಡಂ,

ಮಂಗಳವಾರದ ಪ್ರಯೋಗದಲ್ಲಿ, 37 ಡಿಗ್ರಿಯಲ್ಲಿ 40 ನಿಮಿಷ ಇಟ್ಟ ಮೇಲೆ ಗ್ಲೂಕೋಸ್ ಟ್ಯೂಬಿನಲ್ಲಿ 11 ಮಿ.ಲೀ. ಗ್ಯಾಸ್ ಬಂತು. ಆದರೆ ಲ್ಯಾಕ್ಟೋಸ್‌ನಲ್ಲೂ 3 ಮಿ.ಲೀ. ಇತ್ತು. ಬೇಕರಿ ಯೀಸ್ಟ್‌ಗೆ ಲ್ಯಾಕ್ಟೋಸ್ ಒಡೆಯುವ ಕಿಣ್ವವೇ ಇಲ್ಲ, ಬರಬಾರದಿತ್ತು ಅಲ್ವಾ?

ಸಕ್ಕರೆ ಹಾಕದ ಟ್ಯೂಬಿನಲ್ಲೂ 1 ಮಿ.ಲೀ. ಕಾಣಿಸಿತು. ಒಳಗಿನ ಗಾಳಿ ಬಿಸಿಗೆ ಹಿಗ್ಗಿರಬೇಕು. ಉಳಿದ 2 ಮಿ.ಲೀ.ಗೆ ನನ್ನ ತಪ್ಪೇ ಕಾರಣ ಅನಿಸುತ್ತಿದೆ. ಗ್ಲೂಕೋಸ್ ತೆಗೆದ ಪಿಪೆಟ್ಟನ್ನು ತೊಳೆಯದೆ ಲ್ಯಾಕ್ಟೋಸ್‌ಗೂ ಬಳಸಿದೆ. ಲೆಕ್ಕ ಹಾಕಿದೆ: ಅಷ್ಟು ಗ್ಯಾಸಿಗೆ ಸುಮಾರು 7 ಮಿ.ಗ್ರಾಂ ಗ್ಲೂಕೋಸ್ ಸಾಕು. ನಮ್ಮ 10% ದ್ರಾವಣದ ಒಂದೆರಡು ಹನಿ ಅಷ್ಟೆ. ಪಿಪೆಟ್ಟಿನ ತುದಿಯಲ್ಲಿ ಹನಿ ನೇತಾಡುತ್ತಿದ್ದದ್ದು ನೆನಪಿದೆ.

ರೆಕಾರ್ಡಿನಲ್ಲಿ ಅಂಕಿ ತಿದ್ದಿಲ್ಲ. ಶುಕ್ರವಾರ ಬೇರೆ ಪಿಪೆಟ್ಟಿನಲ್ಲಿ, ಮೂರು ಮೂರು ಟ್ಯೂಬ್ ಇಟ್ಟು ಮತ್ತೆ ಮಾಡಬಹುದಾ ಮೇಡಂ?

ಕಾವ್ಯಾ
ಬಿ.ಎಸ್ಸಿ. 2ನೇ ವರ್ಷ, ಬಿ ಬ್ಯಾಚ್