ಕೊಳೆ ಔಷಧಿಯ ಮಾಹಿತಿ ಪತ್ರವನ್ನು ಬಳಗದಲ್ಲಿ ಹಂಚಿಕೊಳ್ಳಲು ಅನುಮತಿ ಕೋರಿ

ಮಾನ್ಯ ಗಣಪತಿ ಹೆಗಡೆಯವರಿಗೆ ನಮಸ್ಕಾರಗಳು.

ನಾನು ಸಿದ್ದಾಪುರ ತಾಲ್ಲೂಕಿನ ಸುಮಂಗಲಾ. ನೀವು ಅಡ್ಮಿನ್ ಆಗಿ ನಡೆಸುತ್ತಿರುವ ಅಡಿಕೆ ಬೆಳೆಗಾರರ ವಾಟ್ಸಾಪ್ ಬಳಗದಲ್ಲಿ ಮೂರು ವರ್ಷಗಳಿಂದ ಸದಸ್ಯೆಯಾಗಿದ್ದೇನೆ. ಹೆಚ್ಚು ಬರೆದವಳಲ್ಲವಾದರೂ ಅಲ್ಲಿ ಬರುವುದನ್ನೆಲ್ಲ ಓದುತ್ತೇನೆ. ಈ ಪತ್ರವನ್ನು ಬಳಗದಲ್ಲಿ ಹಾಕದೆ ನಿಮಗೊಬ್ಬರಿಗೇ ಕಳಿಸುತ್ತಿರುವುದು, ನಾನು ಸಿದ್ಧಪಡಿಸಿರುವ ಒಂದು ಮಾಹಿತಿ ಪತ್ರವನ್ನು ಸದಸ್ಯರೊಂದಿಗೆ ಹಂಚಿಕೊಳ್ಳಬಹುದೇ ಎಂದು ಕೇಳುವುದಕ್ಕಾಗಿ.

ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮವನ್ನು ಎಂಟು ಪುಟಗಳ ಪಿಡಿಎಫ್ ಆಗಿ ಬರೆದಿದ್ದೇನೆ. ಅದನ್ನೇ ಓದಿ ಹೇಳಿದ ಹನ್ನೊಂದು ನಿಮಿಷಗಳ ಧ್ವನಿಮುದ್ರಣವೂ ಇದೆ. ಔಷಧಿ ಕಲಸುವವರು ಮತ್ತು ಕೊನೆಗೌಡರು ಹಲವು ಮನೆಗಳಲ್ಲಿ ಓದುವುದಕ್ಕಿಂತ ಕೇಳುವುದನ್ನು ಇಷ್ಟಪಡುತ್ತಾರೆಂಬ ಕಾರಣಕ್ಕೆ ಅದನ್ನು ಬೇರೆಯಾಗಿಯೇ ಮಾಡಿದೆ.

ಇದನ್ನು ಬರೆಯಲು ಕಾರಣವಾದದ್ದು ಕಳೆದ ವರ್ಷ ನಮ್ಮ ತೋಟದಲ್ಲಿ ಆದ ನಷ್ಟ. ಮೊದಲ ಸಲದ ಔಷಧಿಗೆಂದು ಒಂದು ಅಂಗಡಿಯಿಂದ ತಂದ ಸುಣ್ಣ ಗಾಳಿ ತಾಗಿ ಆಗಲೇ ಹಿಟ್ಟಾಗಿತ್ತು. ಅಂಥ ಸುಣ್ಣಕ್ಕೆ ಮೈಲುತುತ್ತದ ತೀಕ್ಷ್ಣತೆಯನ್ನು ತಡೆಯುವ ಶಕ್ತಿ ಉಳಿದಿರುವುದಿಲ್ಲವೆಂಬುದು ನನಗೆ ತಿಳಿದಿರಲಿಲ್ಲ. ತೂಕ ಸರಿಯಿದೆ, ನೀರು ಸರಿಯಿದೆ ಎಂದು ಹೊಡೆಸಿಬಿಟ್ಟೆವು. ವಾರ ಕಳೆಯುವುದರೊಳಗೆ ಎಳೆಗಾಯಿಗಳು ಸುಟ್ಟಂತಾಗಿ ಉದುರಿದವು, ಉಳಿದ ಕೊನೆಗಳಿಗೆ ಆರಿದ್ರಾ ಮಳೆಯಲ್ಲಿ ಕೊಳೆ ತಗುಲಿತು. ಒಂದು ಶುದ್ಧವಾದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂರುತ್ತಿತ್ತು, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕೆಂದು ಅಲ್ಲಿಯೇ ಗೊತ್ತಾಗುತ್ತಿತ್ತು. ಈ ಪರೀಕ್ಷೆಯನ್ನು ನಮ್ಮ ಮಾವನವರು ಪ್ರತಿ ಸಲವೂ ಮಾಡುತ್ತಿದ್ದರಂತೆ; ಅವರ ನಂತರ ಮನೆಯಲ್ಲಿ ಯಾರೂ ಅದನ್ನು ಮುಂದುವರಿಸಲಿಲ್ಲ.

ಆ ಮೇಲೆ ಬಲ್ಲವರನ್ನು ಕೇಳಿ, ಮಳೆಗಾಲವಿಡೀ ಟಿಪ್ಪಣಿ ಮಾಡಿಕೊಂಡು, ಚಳಿಗಾಲದಲ್ಲಿ ಕುಳಿತು ಬರೆದೆ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಎರಡನ್ನೂ ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿಯೇ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತಾ ಸುರಿಯಬೇಕೇ ಹೊರತು ಸುಣ್ಣವನ್ನು ಅದಕ್ಕೆ ಸುರಿಯಬಾರದು, ಕಬ್ಬಿಣದ ಪಾತ್ರೆ ಬಳಸಬಾರದು, ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು ಎಂಬ ಮಾತುಗಳು ಕೆಲಸದ ಗಡಿಬಿಡಿಯಲ್ಲಿ ತಪ್ಪಿಹೋಗುತ್ತವೆ. ಆದ್ದರಿಂದ ಪತ್ರದ ಹೆಚ್ಚಿನ ಪುಟಗಳು ಇವುಗಳ ಬಗೆಗೇ ಇವೆ. ಇನ್ನೂರು ಲೀಟರಿನ ಡ್ರಮ್ಮಿಗೂ ಸಣ್ಣ ಪಂಪಿಗೂ ಬೇಕಾಗುವ ಅಳತೆಯ ಒಂದು ಕೋಷ್ಟಕವಿದೆ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ಸುಮಾರು ನಲವತ್ತೈದು ದಿನಗಳಿಗೆ, ಅಂದರೆ ಪುನರ್ವಸುವಿನ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ, ಇನ್ನೊಂದು ಸಲ ಎಂಬ ಕ್ರಮವನ್ನು ಕೊನೆಯ ಪುಟದಲ್ಲಿ ಬರೆದಿದ್ದೇನೆ. ಕೃಷಿ ವಿಜ್ಞಾನ ಓದಿ ನಿವೃತ್ತರಾದ ನಮ್ಮ ಪರಿಚಿತರೊಬ್ಬರು ಇದನ್ನು ಪೂರ್ತಿ ಓದಿ ನಾಲ್ಕು ಕಡೆ ತಿದ್ದಿಕೊಟ್ಟಿದ್ದಾರೆ.

ಈಗ ನಿಮಗೆ ಮೊದಲೇ ತಿಳಿಸಬೇಕಾದ ಒಂದು ವಿಷಯವಿದೆ. ನನ್ನ ತಮ್ಮ ಶಿರಸಿಯಲ್ಲಿ ಕೃಷಿ ಸಾಮಗ್ರಿಗಳ ಅಂಗಡಿ ಇಟ್ಟಿದ್ದಾನೆ, ಅಲ್ಲಿ ಮೈಲುತುತ್ತವನ್ನೂ ಮಾರುತ್ತಾನೆ. ಈ ಪತ್ರವನ್ನು ಬರೆಯುವುದರಲ್ಲಾಗಲಿ ಅದರ ಖರ್ಚಿನಲ್ಲಾಗಲಿ ಅವನ ಪಾಲಿಲ್ಲ. ಅಂಗಡಿಯ ಹೆಸರನ್ನು ಒಂದು ಮೂಲೆಯಲ್ಲಾದರೂ ಹಾಕಬಹುದಿತ್ತಲ್ಲ ಎಂದು ಅವನು ಕೇಳಿದಾಗ ಬೇಡವೆಂದಿದ್ದೇನೆ. ಆದರೂ ಈ ಸಂಬಂಧ ನಾಳೆ ಬೇರೆಯವರ ಬಾಯಿಂದ ನಿಮಗೆ ತಿಳಿದರೆ ಮುಚ್ಚಿಟ್ಟಂತಾಗುತ್ತದೆ, ಅದಕ್ಕಿಂತ ನಾನೇ ಹೇಳುವುದು ಸರಿ ಎನಿಸಿತು. ಕಳೆದ ದೀಪಾವಳಿಯ ಸಮಯದಲ್ಲಿ ಒಬ್ಬರು ಉಚಿತ ಸಲಹೆ ಎಂದು ಆರಂಭಿಸಿ, ಮೂರನೆಯ ದಿನಕ್ಕೆ ಗೊಬ್ಬರದ ಬೆಲೆಪಟ್ಟಿ ಕಳಿಸಿದ್ದು, ಅದರಿಂದ ಬಳಗದಲ್ಲಿ ಬೇಸರವಾಗಿ ನೀವು ಜಾಹೀರಾತು ಸಲ್ಲದೆಂಬ ನಿಯಮವನ್ನು ಬಿಗಿಗೊಳಿಸಿದ್ದು ನನಗೆ ನೆನಪಿದೆ. ಆ ನಿಯಮ ಸರಿಯಾದದ್ದೆಂದೇ ನಾನು ನಂಬಿದ್ದೇನೆ. ಅದು ಇರುವುದರಿಂದಲೇ ಅಲ್ಲಿ ಬರುವ ಮಾತಿಗೆ ಬೆಲೆಯಿದೆ.

ಹಾಗಾಗಿ ಪತ್ರದಲ್ಲಿ ಯಾವ ಅಂಗಡಿಯ, ಕಂಪನಿಯ ಅಥವಾ ಬ್ರ್ಯಾಂಡಿನ ಹೆಸರೂ ಇಲ್ಲ. ಬೆಲೆಯ ಪ್ರಸ್ತಾಪವಿಲ್ಲ, ನನ್ನ ಫೋನ್ ಸಂಖ್ಯೆಯಿಲ್ಲ, ಬೇರೆ ಗುಂಪಿಗೆ ಸೇರಿಸಿಕೊಳ್ಳುವ ಕೊಂಡಿಯೂ ಇಲ್ಲ. ಸುಣ್ಣವನ್ನಾಗಲಿ ಮೈಲುತುತ್ತವನ್ನಾಗಲಿ ಎಲ್ಲಿ ಕೊಳ್ಳಬೇಕೆಂದು ಹೇಳದೆ, ಕೊಳ್ಳುವಾಗ ಏನನ್ನು ನೋಡಬೇಕೆಂದು ಮಾತ್ರ ಹೇಳಿದೆ. ಬೋರ್ಡೋ ದ್ರಾವಣ ಯಾರೊಬ್ಬರ ಸ್ವತ್ತೂ ಅಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಇದನ್ನು ನಮ್ಮ ಕೊಳೆರೋಗಕ್ಕೆ ನೂರು ವರ್ಷಗಳಿಗೂ ಹಿಂದೆ ಸೂಚಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಅಂದಿನಿಂದ ಅದು ಬೆಳೆಗಾರರ ಕೈಯಲ್ಲೇ ಇದೆ, ಅಂಥದ್ದನ್ನು ಬರೆದು ಕೊಡುವುದಕ್ಕೆ ನಾನು ಪ್ರತಿಫಲ ಬಯಸುವುದೂ ಇಲ್ಲ.

ಪಿಡಿಎಫ್ ಮತ್ತು ಧ್ವನಿಮುದ್ರಣ ಎರಡನ್ನೂ ಇದರ ಜೊತೆಗೆ ಕಳಿಸಿದ್ದೇನೆ. ದಯವಿಟ್ಟು ಮೊದಲು ನೀವು ನೋಡಿರಿ, ಬಳಗದಲ್ಲಿರುವ ಹಿರಿಯ ಬೆಳೆಗಾರರೊಬ್ಬರಿಗೆ ತೋರಿಸಬೇಕೆನಿಸಿದರೆ ತೋರಿಸಿರಿ. ಜಾಹೀರಾತಿನಂತೆ ಕಾಣುವ ಒಂದು ವಾಕ್ಯವಿದ್ದರೂ ತಿಳಿಸಿದರೆ ತೆಗೆದುಹಾಕುತ್ತೇನೆ. ನನ್ನ ಹೆಸರಿನಲ್ಲಿ ಬರುವುದಕ್ಕಿಂತ ಅಡ್ಮಿನ್ ಆಗಿ ನೀವೇ ಹಾಕುವುದು ಒಳ್ಳೆಯದೆಂದು ನಿಮಗೆ ತೋರಿದರೆ ಹಾಗೆಯೇ ಆಗಲಿ, ನನ್ನ ಹೆಸರಿಲ್ಲದಿದ್ದರೂ ಬೇಸರವಿಲ್ಲ. ಒಂದೇ ಸಲ ಹಾಕುತ್ತೇನೆ, ಮತ್ತೆ ಮತ್ತೆ ನೆನಪಿಸುವುದಿಲ್ಲ. ಸದಸ್ಯರು ಪ್ರಶ್ನೆ ಕೇಳಿದರೆ ಖಾಸಗಿಯಾಗಿ ಮಾತಿಗೆ ಕರೆಯದೆ ಎಲ್ಲರೆದುರು ಬಳಗದಲ್ಲಿಯೇ ಉತ್ತರಿಸುತ್ತೇನೆ, ಸಾಮಗ್ರಿ ಎಲ್ಲಿ ಸಿಗುತ್ತದೆಂದು ಕೇಳಿದವರಿಗೆ ತಮ್ಮನ ಅಂಗಡಿಯನ್ನು ಸೂಚಿಸುವುದಿಲ್ಲ. ಹಾಕಿದ ಮೇಲೆ ಯಾರಾದರೂ ಆಕ್ಷೇಪಿಸಿದರೆ ನನ್ನನ್ನು ಕೇಳದೆಯೇ ನೀವು ಅದನ್ನು ಅಳಿಸಬಹುದು.

ಬಳಗಕ್ಕೆ ಇದು ಬೇಡವೆಂದು ನಿಮಗೆ ಅನಿಸಿದರೆ, ಕಾರಣ ಹೇಳದಿದ್ದರೂ ನಡೆಯುತ್ತದೆ. ಆಗ ನಾಲ್ಕು ಪ್ರತಿ ಮುದ್ರಿಸಿ ನಮ್ಮೂರಿನ ಔಷಧಿ ಹೊಡೆಯುವವರಿಗೆ ಕೊಡುತ್ತೇನೆ. ಒಪ್ಪಿಗೆಯಾದರೆ ಮಾತ್ರ ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ 24ರೊಳಗೆ, ತಿಳಿಸಿದರೆ ಉಪಕಾರವಾಗುತ್ತದೆ. ಹಲವರು ಆ ವಾರವೇ ಡ್ರಮ್ಮು ತೊಳೆದು ಸುಣ್ಣ ತರಿಸುತ್ತಾರೆ, ಕತ್ತಿ ಅದ್ದಿ ನೋಡುವ ವಿಷಯ ಅವರಿಗೆ ಅದಕ್ಕೂ ಮುಂಚೆ ತಲುಪಬೇಕು.

ಇಂತಿ ವಿಶ್ವಾಸಪೂರ್ವಕವಾಗಿ,
ಸುಮಂಗಲಾ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ