ಉನ್ನತ ವ್ಯಾಸಂಗಕ್ಕಾಗಿ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ

ದಾವಣಗೆರೆ
30 ಜುಲೈ 2025

ಇಂದ:
ಸುಮಂಗಲಾ ಬಿ. ಹೊಸಮನಿ
ಸ್ಟಾಫ್ ನರ್ಸ್, ನವಜಾತ ಶಿಶು ತೀವ್ರ ನಿಗಾ ಘಟಕ

ಇವರಿಗೆ:
ವೈದ್ಯಕೀಯ ಅಧೀಕ್ಷಕರು

ಮೂಲಕ:
ನರ್ಸಿಂಗ್ ಸೂಪರಿಂಟೆಂಡೆಂಟ್

ವಿಷಯ: ಎಂ.ಎಸ್ಸಿ. ನರ್ಸಿಂಗ್ ವ್ಯಾಸಂಗದ ನಿಮಿತ್ತ ಹುದ್ದೆಗೆ ರಾಜೀನಾಮೆ ಮತ್ತು ಸೇವೆಯಿಂದ ಬಿಡುಗಡೆ ಕೋರಿಕೆ

ಮಾನ್ಯರೇ,

2019ರ ಜೂನ್ ತಿಂಗಳಿನಿಂದ ಈ ಆಸ್ಪತ್ರೆಯ ಸೇವೆಯಲ್ಲಿರುವ ನಾನು ಉನ್ನತ ವ್ಯಾಸಂಗಕ್ಕೆ ಹೋಗುತ್ತಿರುವುದರಿಂದ ಸ್ಟಾಫ್ ನರ್ಸ್ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಆದೇಶದಲ್ಲಿ ಒಂದು ತಿಂಗಳ ಮುಂಚಿತ ಸೂಚನೆ ಕೊಡಬೇಕೆಂದಿದೆ. ಅದರಂತೆ 30 ಆಗಸ್ಟ್ 2025, ಶನಿವಾರ, ಹಗಲು ಪಾಳಿ ಮುಗಿದ ನಂತರ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವ ಬೆಂಗಳೂರಿನ ಕಾಲೇಜೊಂದರಲ್ಲಿ ಮಕ್ಕಳ ಆರೋಗ್ಯ ಶುಶ್ರೂಷಾ ವಿಭಾಗದಲ್ಲಿ ನನಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್ ಮಧ್ಯಭಾಗದಲ್ಲಿ ತರಗತಿಗಳು ಆರಂಭವಾಗಲಿವೆ. ಇದು ಎರಡು ವರ್ಷಗಳ ಪೂರ್ಣಾವಧಿ ಕೋರ್ಸ್. ಕೆಲಸದ ಜೊತೆಗೆ ಓದುವಂಥದ್ದಲ್ಲ. ಸಂಬಳರಹಿತ ರಜೆ ಕೇಳಬಹುದಿತ್ತಲ್ಲ ಎಂದು ಸೂಪರಿಂಟೆಂಡೆಂಟ್ ಮೇಡಂ ಕೇಳಿದರು. ಎರಡು ವರ್ಷ ನನ್ನ ಹೆಸರಿನಲ್ಲಿ ಹುದ್ದೆಯನ್ನು ಹಿಡಿದಿಟ್ಟರೆ ಆ ಜಾಗಕ್ಕೆ ಬೇರೊಬ್ಬರು ಬರುವುದಿಲ್ಲ, ಆ ಭಾರವೆಲ್ಲ ಜೊತೆಯವರ ಹೆಗಲಿಗೇ ಬೀಳುತ್ತದೆ. ಆದ್ದರಿಂದ ರಾಜೀನಾಮೆಯೇ ಸರಿಯೆಂದು ತೀರ್ಮಾನಿಸಿದೆ.

ಸಂಬಳದ ಅಥವಾ ಪಾಳಿಯ ಬೇಸರಕ್ಕೆ ಹೋಗುತ್ತಿದ್ದೇನೆ ಎಂಬ ಮಾತು ವಾರ್ಡಿನಲ್ಲಿ ಓಡಾಡುತ್ತಿರುವುದರಿಂದ ಕಾರಣವನ್ನು ತುಸು ವಿವರವಾಗಿಯೇ ಬರೆಯುತ್ತೇನೆ. ನಮ್ಮ ಘಟಕದಲ್ಲಿ ಕಾಂಗರೂ ಮಾದರಿ ಆರೈಕೆ ಹಲವು ವರ್ಷಗಳಿಂದ ಇದೆ. ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಬೇರೇನೂ ಇಲ್ಲದ ಕೂಸನ್ನು ತಾಯಿಯ ಎದೆಯ ಮೇಲೆ ನೆಟ್ಟಗೆ ಮಲಗಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ಬಟ್ಟೆಯಿಂದ ಕಟ್ಟುತ್ತೇವೆ. ವಾರ್ಮರಿನಲ್ಲಿದ್ದಾಗ ಆಗಾಗ ಕೂಗುತ್ತಿದ್ದ ಮಾನಿಟರ್ ಸ್ವಲ್ಪ ಹೊತ್ತಿಗೆ ಸುಮ್ಮನಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ತಾಯಿ ಏಳುತ್ತಾಳೆ. ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಹೊತ್ತು ಈ ಆರೈಕೆ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹೆರಿಗೆಯಾಗಿ ನಾಲ್ಕು ದಿನವಾಗಿರುವ, ಹೊಲಿಗೆ ಇನ್ನೂ ಮಾಯದ ಹೆಂಗಸಿಗೆ, ಒರಗುವುದಕ್ಕೂ ಆಗದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎಂಟು ಗಂಟೆ ಕೂರಮ್ಮ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ಕಾಂಗರೂ ಆರೈಕೆ ಎಂದು ನಾವು ಕಲಿತಿದ್ದೆವು. 2021ರಲ್ಲಿ ಪ್ರಕಟವಾದ, ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಶಿಶುಮರಣ ನಾಲ್ಕನೇ ಒಂದರಷ್ಟು ಕಡಿಮೆಯಾಗಿತ್ತು. ಹೊರಗಿನ ಮಾತೇಕೆ, ನನ್ನ ತವರು ಜಿಲ್ಲೆಯಾದ ಕೊಪ್ಪಳದಲ್ಲೇ ಬೆಂಗಳೂರಿನ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಈ ಆರೈಕೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಕೆಲಸ ಮಾಡಿದ್ದಾರೆ. ಅಲ್ಲಿ ಆದದ್ದು ನಮ್ಮಲ್ಲಿ ಏಕೆ ಒಂದು ಗಂಟೆಗೇ ನಿಲ್ಲುತ್ತದೆ? ಕುರ್ಚಿಯ ಕೊರತೆಯೇ, ಮರೆಯ ಕೊರತೆಯೇ, ಅತ್ತೆಯ ಗದರಿಕೆಯೇ, ಅಥವಾ ಪಾಳಿಯ ಅವಸರದಲ್ಲಿ ನಾವೇ ಅದನ್ನು ಹಿಂದಕ್ಕೆ ತಳ್ಳುತ್ತೇವೆಯೇ? ನನ್ನ ಪ್ರಬಂಧಕ್ಕೆ ಇದೇ ವಿಷಯವನ್ನು ಆರಿಸಿಕೊಳ್ಳುವ ಆಸೆಯಿದೆ. ಎತ್ತರಿಸಿ ಇಳಿಸಬಹುದಾದ ನಾಲ್ಕು ಒರಗು ಕುರ್ಚಿಗಳಿಗೆ ಘಟಕದಿಂದ ಹೋಗಿರುವ ಬೇಡಿಕೆಯನ್ನು ನನ್ನ ಓದು ಮುಗಿಯುವವರೆಗೆ ಕಾಯಿಸುವುದು ಬೇಡವೆಂದು ವಿನಂತಿ.

ಇನ್ನು ನಾನು ಹಸ್ತಾಂತರಿಸಬೇಕಾದ ಕೆಲಸ. ಔಷಧ ದಾಸ್ತಾನು, ತುರ್ತು ಟ್ರಾಲಿಯ ಪಟ್ಟಿ, ಉಪಕರಣಗಳ ವಹಿ ಎಲ್ಲವೂ ಸರಿಯಾಗಿವೆ. ಅವನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ವಹಿಸಿಕೊಳ್ಳಬಹುದು. ನನಗೆ ಚಿಂತೆಯಿರುವುದು ಕಣ್ಣಿನ ತಪಾಸಣೆಯ ರಿಜಿಸ್ಟರ್‌ದು. 34 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಶಿಶುಗಳಿಗೆ ನಾಲ್ಕು ವಾರದೊಳಗೆ ಅಕ್ಷಿಪಟಲದ ತಪಾಸಣೆ ಆಗಲೇಬೇಕು, ತೀರ ಚಿಕ್ಕವಕ್ಕೆ ಇನ್ನೂ ಬೇಗ. ಎಷ್ಟೋ ಮಕ್ಕಳು ಅಷ್ಟರೊಳಗೆ ಡಿಸ್ಚಾರ್ಜ್ ಆಗಿ ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿಬಿಟ್ಟಿರುತ್ತವೆ. ಕಡತದಲ್ಲಿ ಇರುವುದು ತಂದೆಯ ಮೊಬೈಲ್ ಸಂಖ್ಯೆ. ತಂದೆ ಇರುವುದು ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿ. ಅದಕ್ಕಾಗಿ ತಾಯಿಯ ತವರಿನ ಸಂಖ್ಯೆಯನ್ನೂ ಆ ಊರಿನ ಆಶಾ ಕಾರ್ಯಕರ್ತೆಯ ಸಂಖ್ಯೆಯನ್ನೂ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಸೋಮವಾರ ಬೆಳಿಗ್ಗೆ ಕುಳಿತು ಆ ವಾರ ಬರಬೇಕಾದವರಿಗೆಲ್ಲ ಕರೆ ಮಾಡಬೇಕು. ಈ ಕೆಲಸ ಯಾರ ಕರ್ತವ್ಯಪಟ್ಟಿಯಲ್ಲೂ ಇಲ್ಲ. ದಯವಿಟ್ಟು ಒಬ್ಬರ ಹೆಸರಿಗೆ ಲಿಖಿತವಾಗಿ ವಹಿಸಿಕೊಡಬೇಕು. ಎಲ್ಲರೂ ನೋಡಿಕೊಳ್ಳಲಿ ಎಂದರೆ ಯಾರೂ ನೋಡುವುದಿಲ್ಲ, ಮತ್ತು ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ.

ನನ್ನ ಜಾಗಕ್ಕೆ ಬರುವವರು ಆಗಸ್ಟ್ ಎರಡನೇ ವಾರದೊಳಗೆ ಬಂದರೆ ಎರಡು ವಾರ ಜೊತೆಗಿದ್ದು ಕಲಿಸಿಕೊಡುತ್ತೇನೆ. ಸಾಮಾನ್ಯ ವಾರ್ಡಿನಿಂದ ದಿನಕ್ಕೊಬ್ಬರನ್ನು ಕಳುಹಿಸಿ ಪಾಳಿ ತುಂಬಿಸುವ ಏರ್ಪಾಡು ಈ ಘಟಕಕ್ಕೆ ಒಗ್ಗುವುದಿಲ್ಲ. ಔಷಧದ ಲೆಕ್ಕವೆಲ್ಲ ಮಿಲಿಲೀಟರಿನ ದಶಾಂಶದಲ್ಲಿ ನಡೆಯುವ ಕಡೆ, ಅಭ್ಯಾಸವಿಲ್ಲದವರನ್ನು ರಾತ್ರಿ ಒಂಟಿಯಾಗಿ ನಿಲ್ಲಿಸುವುದು ಮಗುವಿಗೂ ಅಪಾಯ, ಆ ನರ್ಸ್‌ಗೂ ಅನ್ಯಾಯ. ಇದೇ ಕಾರಣಕ್ಕೆ ನನ್ನ ಉಳಿದ ಗಳಿಕೆ ರಜೆಯನ್ನು ಸೂಚನಾ ಅವಧಿಗೆ ಹೊಂದಿಸಿಕೊಳ್ಳುತ್ತಿಲ್ಲ. ನಿಯಮದಂತೆ ಅದರ ನಗದೀಕರಣ ಮಾಡಿಕೊಡಬೇಕು.

ನೇಮಕಾತಿ ಸಮಯದಲ್ಲಿ ಸಲ್ಲಿಸಿದ್ದ ನನ್ನ ಮೂಲ ಪ್ರಮಾಣಪತ್ರಗಳು, ಅಂದರೆ ಬಿ.ಎಸ್ಸಿ. ನರ್ಸಿಂಗ್ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ, ಕಚೇರಿಯಲ್ಲಿವೆ. ಕಾಲೇಜಿನ ದಾಖಲಾತಿಗೆ ಇವು ಬೇಕೇ ಬೇಕು. ಬಿಡುಗಡೆಯ ದಿನದವರೆಗೆ ಕಾಯದೆ ಆಗಸ್ಟ್ 14ರೊಳಗೆ ಹಿಂದಿರುಗಿಸಿದರೆ ಉಪಕಾರವಾಗುತ್ತದೆ. ಸ್ವೀಕೃತಿಗೆ ಸಹಿ ಮಾಡಿಕೊಡುತ್ತೇನೆ. ಅನುಭವ ಪತ್ರದಲ್ಲಿ ನವಜಾತ ಶಿಶು ಘಟಕದ ಸೇವೆಯನ್ನು ಅವಧಿಸಹಿತ ಪ್ರತ್ಯೇಕವಾಗಿ ನಮೂದಿಸಬೇಕೆಂದೂ, ಭವಿಷ್ಯ ನಿಧಿಯ ಖಾತೆಯಲ್ಲಿ ಸೇವೆ ಮುಗಿದ ದಿನಾಂಕವನ್ನು ತಪ್ಪದೆ ದಾಖಲಿಸಬೇಕೆಂದೂ ಕೋರುತ್ತೇನೆ. ಐದು ವರ್ಷ ಮೀರಿದ ಸೇವೆಯಾದ್ದರಿಂದ ಗ್ರಾಚ್ಯುಯಿಟಿಗೆ ಅರ್ಜಿಯನ್ನು ಬೇರೆಯಾಗಿ ಕೊಡುತ್ತೇನೆ.

ಬಿ.ಎಸ್ಸಿ. ಮುಗಿಸಿ ಬಂದಾಗ ಕೂದಲೆಳೆಯಂಥ ರಕ್ತನಾಳಕ್ಕೆ ಸೂಜಿ ಹಾಕುವುದನ್ನು ಕೈಹಿಡಿದು ಕಲಿಸಿದವರು ಘಟಕದ ಹಿರಿಯ ಸಿಸ್ಟರ್‌ಗಳು. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಗದರದೆ ಬಂದು, ಏಕೆ ಹೀಗೆ ಎಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮಕ್ಕಳ ವೈದ್ಯರಿಗೂ, ಕೋವಿಡ್ ಕಾಲದಲ್ಲಿ ನಮಗೆ ಹಾಸ್ಟೆಲಿನಲ್ಲೇ ಊಟ ವಸತಿ ನೋಡಿಕೊಂಡ ಆಡಳಿತ ವರ್ಗಕ್ಕೂ ನಾನು ಋಣಿ. ಅಧ್ಯಯನಕ್ಕೆ ಮಾಹಿತಿ ಸಂಗ್ರಹಿಸುವ ಹಂತ ಬಂದಾಗ ಇದೇ ಘಟಕದಲ್ಲಿ ಅವಕಾಶ ಕೋರಿ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ತಮಗೆ ಅರ್ಜಿ ಸಲ್ಲಿಸುವ ಉದ್ದೇಶವಿದೆ. ಆಗಲೂ ತಮ್ಮ ಸಹಕಾರವಿರಲಿ.

ರಾಜೀನಾಮೆಯನ್ನು ಅಂಗೀಕರಿಸಿ ಲಿಖಿತ ಆದೇಶ ನೀಡಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಮಂಗಲಾ ಬಿ. ಹೊಸಮನಿ

ಲಗತ್ತು: ಕಾಲೇಜಿನ ಪ್ರವೇಶ ಪತ್ರದ ನಕಲು, ನೇಮಕಾತಿ ಆದೇಶದ ನಕಲು, ಕಣ್ಣಿನ ತಪಾಸಣೆಗೆ ಆಗಸ್ಟ್ ತಿಂಗಳಲ್ಲಿ ಬರಬೇಕಾದ ಶಿಶುಗಳ ಪಟ್ಟಿ

ಪ್ರತಿ: ಮಾನವ ಸಂಪನ್ಮೂಲ ವಿಭಾಗ, ಮಕ್ಕಳ ವಿಭಾಗದ ಮುಖ್ಯಸ್ಥರು