ವಿಷಯ: ಎಂಬೆಡೆಡ್ ಟ್ರೈನಿ ಹುದ್ದೆಗೆ ಅರ್ಜಿ – ಚೈತ್ರಾ, ಬಿ.ಇ. ಇಸಿ, 2025ರ ಬ್ಯಾಚ್ – ಪಂಪ್ ಡ್ರೈ ರನ್ ಪ್ರಾಜೆಕ್ಟ್

ನೇಮಕಾತಿ ತಂಡದವರಿಗೆ ನಮಸ್ಕಾರ,

ನಾನು ಚೈತ್ರಾ. ಊರು ಅರಸೀಕೆರೆ ತಾಲ್ಲೂಕು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿ ಈ ವರ್ಷ ಬಿ.ಇ. ಮುಗಿಸಿದ್ದೇನೆ. ವಿಟಿಯು, ಸಿಜಿಪಿಎ 7.8. ನಿಮ್ಮ ಆಫ್ ಕ್ಯಾಂಪಸ್ ಡ್ರೈವ್‌ನಲ್ಲಿ ಎಂಬೆಡೆಡ್ ಟ್ರೈನಿ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ರೈತರ ಹತ್ತಿರ ಮಾತಾಡುವ ಕೆಲಸವೂ ಇರುವುದರಿಂದ ಪತ್ರ ಕನ್ನಡದಲ್ಲೇ ಇರಲಿ ಎಂದು ಪ್ರಕಟಣೆಯಲ್ಲಿ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ನಾನು ಮಾಡಿದ ಪ್ರಾಜೆಕ್ಟ್ ಹುಟ್ಟಿದ್ದೂ ಬೆಳೆದದ್ದೂ ನಮ್ಮ ತೋಟದ ಪಂಪ್‌ಮನೆಯಲ್ಲೇ.

ನಮ್ಮದು ತೆಂಗಿನ ತೋಟ. ಬೋರು 650 ಅಡಿ, 5 ಎಚ್‌ಪಿ ಸಬ್‌ಮರ್ಸಿಬಲ್. ತ್ರೀ ಫೇಸ್ ಕರೆಂಟ್ ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ. ಎದ್ದು ಹೋಗಲಾಗದೆ ಅಪ್ಪ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಹೊರಡುತ್ತದೆ. ಬೋರಿನಲ್ಲಿ ನೀರು ಮುಗಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಐದನೇ ಸೆಮ್‌ನಲ್ಲಿದ್ದಾಗ ಹಾಗೆ ರಾತ್ರಿಯಿಡೀ ಓಡಿ ವೈಂಡಿಂಗ್ ಸುಟ್ಟುಹೋಯಿತು. ಮೋಟರ್ ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಹನ್ನೊಂದು ದಿನ. ಬೇಸಿಗೆ ಬೇರೆ. ಆಗ ನೆಟ್ಟು ಒಂದೇ ವರ್ಷವಾಗಿದ್ದ ಸಸಿಗಳಿಗೆ ಅಮ್ಮ ಕೊಡದಲ್ಲಿ ನೀರು ಹೊತ್ತು ಹಾಕಿದರು.

ಬೋರಿನೊಳಗೆ ಸೆನ್ಸರ್ ಇಳಿಸದೆ, ಸ್ಟಾರ್ಟರ್ ಡಬ್ಬದಲ್ಲೇ ಕೂತು ನೀರು ಹೋದದ್ದನ್ನು ಹಿಡಿಯಬೇಕು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವು ಮೂವರು ಆರಿಸಿಕೊಂಡ ಕೆಲಸ ಇದು. ಫರ್ಮ್‌ವೇರ್ ಮತ್ತು ಅಳತೆಯ ಭಾಗ ಪೂರ್ತಿ ನನ್ನದು. ಪಿಸಿಬಿ ಮತ್ತು ಮೊಬೈಲ್‌ಗೆ ಮೆಸೇಜ್ ಕಳಿಸುವ ಭಾಗ ನನ್ನ ಇಬ್ಬರು ಜೊತೆಗಾರರದ್ದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ನೀರಿಲ್ಲದಿದ್ದರೆ ಮೋಟರ್ ಮೇಲಿನ ಭಾರ ಇಳಿಯುತ್ತದೆ, ಆಂಪ್ಸ್ ಕಡಿಮೆಯಾಗುತ್ತದೆ, ಅಲ್ವಾ? ನಮ್ಮ ಮೋಟರ್ ನೀರಿದ್ದಾಗ ಸುಮಾರು 8.5 ಆಂಪ್ಸ್ ಎಳೆಯುತ್ತದೆ, ಇಲ್ಲದಿದ್ದಾಗ 6ರ ಹತ್ತಿರ. 6.5ಕ್ಕೆ ಗೆರೆ ಎಳೆದೆವು. ಹಗಲಲ್ಲಿ ಸರಿಯಾಗಿ ನಡೆಯಿತು. ಮೂರನೇ ರಾತ್ರಿ ಎರಡು ಗಂಟೆಗೆ ನಾನು ಪಂಪ್‌ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಪೈಪಿನಿಂದ ಬರೀ ಗಾಳಿ ಬರುತ್ತಿತ್ತು, ಬೋರ್ಡ್ ಮಾತ್ರ ಸುಮ್ನೆ ಇತ್ತು. ಪರದೆ ನೋಡಿದರೆ 6.9 ಆಂಪ್ಸ್. ವೋಲ್ಟೇಜ್ 445. ಸುತ್ತಮುತ್ತಲ ಪಂಪುಗಳು ನಿಂತು ಲೈನಿನಲ್ಲಿ ವೋಲ್ಟೇಜ್ ಏರಿತ್ತು. ವೋಲ್ಟೇಜ್ ಜಾಸ್ತಿಯಾದರೆ ಖಾಲಿ ಓಡುವ ಮೋಟರ್ ಕೂಡ ಮ್ಯಾಗ್ನೆಟೈಸಿಂಗ್ ಕರೆಂಟನ್ನು ಜಾಸ್ತಿ ಎಳೆಯುತ್ತದೆ. ನಮ್ಮ ಗೆರೆ ಹಗಲಿಗೆ ಮಾತ್ರ ಸರಿಯಾಗಿತ್ತು.

ಆ ರಾತ್ರಿಯೇ ಕೈಯಿಂದ ಮೋಟರ್ ಆಫ್ ಮಾಡಿ, ಲಾಗ್ ಪೂರ್ತಿ ಓದಿದೆ. ಆಂಪ್ಸ್ ಬಿಟ್ಟು ಪವರ್ ಫ್ಯಾಕ್ಟರ್ ನೋಡಿದರೆ ವ್ಯತ್ಯಾಸ ನಿಚ್ಚಳವಾಗಿತ್ತು. ನೀರಿದ್ದಾಗ 0.8ರ ಸುತ್ತ, ವೋಲ್ಟೇಜ್ ಏರಿದಾಗಲೂ 0.75ರ ಮೇಲೆ. ನೀರು ಹೋದಾಗ 0.5ರ ಆಸುಪಾಸು. ಅಲ್ಲಿಂದ ಪ್ರಾಜೆಕ್ಟಿನ ದಾರಿಯೇ ಬದಲಾಯಿತು. ಪಂಪ್ ಲೈನಿನಲ್ಲಿ ನ್ಯೂಟ್ರಲ್ ಇಲ್ಲ, ಹಾಗಾಗಿ ಲ್ಯಾಬಿನಲ್ಲಿ ಕಲಿತ ಎರಡು ವ್ಯಾಟ್‌ಮೀಟರ್ ವಿಧಾನವನ್ನೇ ಇಎಸ್‌ಪಿ32ರಲ್ಲಿ ಬರೆದೆ. ಎರಡು ಸಿಟಿ, ಎರಡು ಲೈನ್ ವೋಲ್ಟೇಜ್, ಒಂದೊಂದನ್ನೂ ಸೆಕೆಂಡಿಗೆ 2000 ಸಲ ಓದುವುದು. ಮೂರನೇ ಫೇಸಿನ ಆಂಪ್ಸ್ ಲೆಕ್ಕದಲ್ಲೇ ಸಿಗುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಓಡುತ್ತಿರುವ ಮೋಟರ್‌ಗೆ ಒಂದು ಫೇಸ್ ಹೋದರೆ ಆ ಲೈನಿನಲ್ಲಿ ಮೋಟರೇ ಒಂದಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ವೋಲ್ಟೇಜ್ ಮಾತ್ರ ನೋಡುವ ಸಾಧನ ಅಲ್ಲಿ ಮೋಸ ಹೋಗಬಹುದು. ಆಂಪ್ಸ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಜಾಸ್ತಿ ದಿನ ತಿಂದದ್ದು ಕ್ಯಾಲಿಬ್ರೇಷನ್. ನೀರು ಕಾಯಿಸುವ ಕಾಯಿಲ್‌ನ ಪವರ್ ಫ್ಯಾಕ್ಟರ್ 1 ಇರಬೇಕು. ನಮ್ಮ ಬೋರ್ಡ್ 0.97 ತೋರಿಸುತ್ತಿತ್ತು. ಅಷ್ಟು ಸಾಕು ಎಂದು ಮೊದಲು ಅನಿಸಿತು. ಆದರೆ ಕೋನದಲ್ಲಿ ಅಷ್ಟೇ ತಪ್ಪಿದ್ದರೂ 0.5ರ ಹತ್ತಿರ ಬಂದಾಗ ಪವರ್ ಫ್ಯಾಕ್ಟರ್‌ನಲ್ಲಿ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಸಿಟಿಯಲ್ಲಿ ಕೋನ ಸ್ವಲ್ಪ ಸರಿಯುತ್ತಿತ್ತು, ಜೊತೆಗೆ ಎಡಿಸಿ ನಾಲ್ಕು ಚಾನೆಲ್‌ಗಳನ್ನು ಒಂದಾದ ಮೇಲೆ ಒಂದು ಓದುತ್ತಿತ್ತು. ಎರಡನ್ನೂ ಬೇರೆ ಬೇರೆ ಅಳೆದು ಕೋಡಿನಲ್ಲಿ ಸರಿಪಡಿಸಿದ ಮೇಲೆ 0.99 ದಾಟಿತು. ಈ ಭಾಗ ರಿಪೋರ್ಟಿನ ನಾಲ್ಕನೇ ಅಧ್ಯಾಯದಲ್ಲಿದೆ. ಸಮಯ ಕಡಿಮೆಯಿದ್ದರೆ ದಯವಿಟ್ಟು ಅದೊಂದನ್ನಾದರೂ ನೋಡಿ.

ಮಾರ್ಚ್‌ನಿಂದ ಮೇವರೆಗೆ 62 ದಿನ ಅದೇ ಬೋರ್ಡ್ ನಮ್ಮ ತೋಟದಲ್ಲಿ ಓಡಿತು. ನೀರು ಬಿಟ್ಟುಹೋದ 91 ಸಲವೂ ಮೋಟರ್ ನಿಲ್ಲಿಸಿತು. ನಾಲ್ಕು ಸಲ ನೀರಿದ್ದೂ ನಿಲ್ಲಿಸಿತ್ತು. ನಾಲ್ಕೂ ಮೊದಲ ವಾರದಲ್ಲೇ, ಮೋಟರ್ ಆನ್ ಆದ ಹೊಸದರಲ್ಲಿ. ಪೈಪ್ ತುಂಬಲು ಸಮಯ ಬೇಕೆಂದು ಕೋಡಿಗೆ ಹೇಳಿರಲಿಲ್ಲ, ಆ ತಪ್ಪು ನನ್ನದೇ. ಇನ್ನೊಂದು ದಿನ ರಿಲೇ ಕೆಲಸ ಮಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಸಣ್ಣ ಕೆಂಪಿರುವೆಗಳು ಗೂಡು ಕಟ್ಟಿದ್ದವು. ಅವತ್ತಿನಿಂದ ಡಬ್ಬಕ್ಕೆ ರಬ್ಬರ್ ಗ್ಯಾಸ್ಕೆಟ್ ಹಾಕಿದೆವು, ವೈರ್ ಬರುವ ತೂತುಗಳನ್ನೂ ಮುಚ್ಚಿದೆವು.

ಆಗದ ಕೆಲಸವನ್ನೂ ಹೇಳಬೇಕು. ನಮ್ಮ ಮೋಟರ್ ಮತ್ತು ಪಕ್ಕದ ತೋಟದ 7.5 ಎಚ್‌ಪಿ, ಈ ಎರಡರ ಮೇಲೆ ಮಾತ್ರ ಪರೀಕ್ಷಿಸಿದ್ದೇವೆ. ಗೆರೆ ಎಲ್ಲಿರಬೇಕು ಎಂಬುದನ್ನು ಈಗಲೂ ನಾನೇ ಕೈಯಿಂದ ಹಾಕುತ್ತೇನೆ. ಹೊಸ ಮೋಟರ್‌ಗೆ ಜೋಡಿಸಿದಾಗ ಬೋರ್ಡ್ ತಾನೇ ಕಲಿತುಕೊಳ್ಳುವಂತೆ ಮಾಡಬೇಕೆಂದು ಬರೆಯಲು ಶುರು ಮಾಡಿದ್ದೇನೆ, ಮುಗಿದಿಲ್ಲ. ನಿಮ್ಮ ಪಂಪ್ ಕಂಟ್ರೋಲರ್‌ಗಳು ಬೇರೆ ಬೇರೆ ಜಿಲ್ಲೆಗಳ, ಬೇರೆ ಬೇರೆ ಬೋರುಗಳ ಮೇಲೆ ಓಡುತ್ತಿವೆ. ಅಷ್ಟು ಮೋಟರ್‌ಗಳ ಜೊತೆ ಕೆಲಸ ಮಾಡಬೇಕೆಂಬ ಆಸೆಯಿಂದಲೇ ಈ ಅರ್ಜಿ.

ನಾಲ್ಕನೇ ಸೆಮ್‌ನಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು, ಮುಂದಿನ ಸಲವೇ ಪಾಸಾದೆ. ಈಗ ಯಾವುದೂ ಬಾಕಿಯಿಲ್ಲ. ಸಿ ಭಾಷೆ, ಫ್ರೀಆರ್‌ಟಿಓಎಸ್, ಗಿಟ್ ದಿನವೂ ಬಳಸುತ್ತೇನೆ. ಪೈಥಾನ್ ಲಾಗ್ ನೋಡುವಷ್ಟು ಬರುತ್ತದೆ. ಮೊದಲ ಆರು ತಿಂಗಳು ಫೀಲ್ಡಿಗೆ ಹೋಗಬೇಕೆಂಬ ಷರತ್ತು ನನಗೆ ಒಪ್ಪಿಗೆ. ರಾತ್ರಿ ಪಂಪ್‌ಮನೆಯಲ್ಲಿ ಕೂರುವುದು ರೂಢಿಯಾಗಿದೆ. ಬೆಂಗಳೂರಿಗೆ ಬಂದು ತಕ್ಷಣ ಸೇರಬಲ್ಲೆ.

ರೆಸ್ಯೂಮೆ, ಎಲ್ಲ ಸೆಮ್‌ಗಳ ಮಾರ್ಕ್ಸ್ ಕಾರ್ಡ್, ಪ್ರಾಜೆಕ್ಟ್ ರಿಪೋರ್ಟ್ ಮತ್ತು ಮೂರು ನಿಮಿಷದ ವಿಡಿಯೊ ಲಗತ್ತಿಸಿದ್ದೇನೆ. ವಿಡಿಯೊದಲ್ಲಿ ಪೈಪಿನ ನೀರು ನಿಂತು ಎಂಟನೇ ಸೆಕೆಂಡಿಗೆ ಮೋಟರ್ ಆಫ್ ಆಗುವುದು ಕಾಣುತ್ತದೆ. ಫೋನ್ ನಂಬರ್ ರೆಸ್ಯೂಮೆಯಲ್ಲಿದೆ. ತೋಟದಲ್ಲಿ ನೆಟ್‌ವರ್ಕ್ ಸರಿಯಿರುವುದಿಲ್ಲ, ಕರೆ ಸಿಗದಿದ್ದರೆ ಒಂದು ಮೆಸೇಜ್ ಹಾಕಿ, ನಾನೇ ವಾಪಸ್ ಮಾಡುತ್ತೇನೆ.

ಆನ್‌ಲೈನ್ ಪರೀಕ್ಷೆ ಮುಗಿದು ಸಂದರ್ಶನಕ್ಕೆ ಕರೆದರೆ ಬೋರ್ಡನ್ನೇ ತರುತ್ತೇನೆ. ನಿಮ್ಮ ಲ್ಯಾಬಿನಲ್ಲಿ ಒಂದು ತ್ರೀ ಫೇಸ್ ಮೋಟರ್ ಇದ್ದರೆ ಸಾಕು, ಅಲ್ಲೇ ಜೋಡಿಸಿ ತೋರಿಸುತ್ತೇನೆ.

ವಂದನೆಗಳೊಂದಿಗೆ,
ಚೈತ್ರಾ
ಅರಸೀಕೆರೆ